ನಿನ್ನೆ ರಾತ್ರಿ ಅಂದರೆ ಯಾರ ರಾತ್ರಿ?

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಚೇರಿ. ಗ್ರಾಹಕರು ಇರುವುದು ನ್ಯೂಯಾರ್ಕಿನಲ್ಲಿ. ಬಿಲ್ಲಿಂಗ್ ಮಾಡುವ ಪ್ರೋಗ್ರಾಂ ಒಂದು ರಾತ್ರಿ ನಿಂತುಹೋಯಿತು, ಬೆಳಿಗ್ಗೆ ಬಂದವರು ಅದನ್ನು ಮತ್ತೆ ಓಡಿಸಿದರು, ಆಮೇಲೆ ಸ್ಟೇಟಸ್ ಮೇಲ್ ಕಳಿಸಿದರು. ದಿನ ಮಂಗಳವಾರ, 2025ರ ಜೂನ್ 10, ಹೊತ್ತು ಬೆಳಿಗ್ಗೆ ಒಂಬತ್ತು ಎಂದು ಇಟ್ಟುಕೊಳ್ಳೋಣ. ಮೇಲ್ ಹೀಗಿದೆ:

```
Yesterday night billing job failed at 1.30.
We have restarted it today morning. Now it is running.
We will share the report in the evening.
Permanent fix will be done on Monday.
```

ನಾಲ್ಕು ಸಾಲು, ಸಾಲಿಗೊಂದರಂತೆ ಸಮಯ ಹೇಳುವ ನಾಲ್ಕು ಮಾತು. ನಮ್ಮೂರಿನ ಯಾರಿಗೆ ತೋರಿಸಿದರೂ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಕಚೇರಿಯಲ್ಲಿ ಇಂಗ್ಲಿಷ್ ಬಲ್ಲವರು ಯಾರಾದರೂ ನೋಡಿದರೆ ‘ಯೆಸ್ಟರ್‌ಡೇ ನೈಟ್’ ತಪ್ಪು, ‘ಲಾಸ್ಟ್ ನೈಟ್’ ಅನ್ನಬೇಕು ಎಂದು ತಿದ್ದುತ್ತಾರೆ. ಆ ತಿದ್ದುಪಡಿ ಸರಿಯಾದದ್ದೇ. ಆದರೆ ಅಷ್ಟು ತಿದ್ದಿದ ಮೇಲೂ ಈ ಮೇಲ್ ನ್ಯೂಯಾರ್ಕಿನಲ್ಲಿ ಓದುವವರನ್ನು ದಾರಿ ತಪ್ಪಿಸುತ್ತದೆ. ಭಾಷೆಯ ತಪ್ಪು ಒಂದು, ಸಮಯದ ತಪ್ಪು ಇನ್ನೊಂದು. ನಾವು ಮೊದಲನೆಯದಕ್ಕೆ ನಾಚಿಕೊಂಡು ಎರಡನೆಯದನ್ನು ಗಮನಿಸದೆ ಬಿಡುತ್ತೇವೆ.

ಮೊದಲು ಭಾಷೆಯನ್ನೇ ನೋಡೋಣ. ಕನ್ನಡದಲ್ಲಿ ದಿನದ ಹೆಸರು ಮುಂದೆ, ಹೊತ್ತಿನ ಹೆಸರು ಹಿಂದೆ. ನಿನ್ನೆ ಬೆಳಿಗ್ಗೆ, ನಿನ್ನೆ ರಾತ್ರಿ, ಇವತ್ತು ಬೆಳಿಗ್ಗೆ, ಇವತ್ತು ಸಂಜೆ, ನಾಳೆ ಮಧ್ಯಾಹ್ನ, ನಾಡಿದ್ದು ರಾತ್ರಿ. ಯಾವುದಕ್ಕೂ ವಿನಾಯಿತಿ ಇಲ್ಲ. ಹಿಂದಿಯಲ್ಲೂ ಇದೇ ಜೋಡಣೆ. ಹಾಗಾಗಿ ‘ಟುಡೇ ಮಾರ್ನಿಂಗ್’, ‘ಯೆಸ್ಟರ್‌ಡೇ ನೈಟ್’ ಎಂಬ ಮಾತುಗಳು ಅಜ್ಞಾನದಿಂದ ಹುಟ್ಟಿದವಲ್ಲ. ತಾಯ್ನುಡಿಯ ಅಚ್ಚುಕಟ್ಟಾದ ನಿಯಮವನ್ನು ಅಷ್ಟು ಅಚ್ಚುಕಟ್ಟಾಗಿಲ್ಲದ ಇನ್ನೊಂದು ಭಾಷೆಗೆ ಹಚ್ಚಿದಾಗ ಹುಟ್ಟಿದವು.

ಇಂಗ್ಲಿಷ್ ಇಲ್ಲಿ ನಿಜಕ್ಕೂ ಏರುಪೇರಾಗಿದೆ. ನಾಳೆಯ ವಿಷಯದಲ್ಲಿ ಅದು ಕನ್ನಡದ ಹಾಗೆಯೇ ನಡೆಯುತ್ತದೆ: ಟುಮಾರೋ ಮಾರ್ನಿಂಗ್, ಟುಮಾರೋ ಆಫ್ಟರ್‌ನೂನ್, ಟುಮಾರೋ ಈವ್ನಿಂಗ್, ಟುಮಾರೋ ನೈಟ್, ನಾಲ್ಕೂ ಸರಿ. ನಿನ್ನೆಗೆ ಬಂದರೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರಕ್ಕೂ ‘ಯೆಸ್ಟರ್‌ಡೇ’ ಹತ್ತುತ್ತದೆ, ರಾತ್ರಿಗೆ ಮಾತ್ರ ‘ಲಾಸ್ಟ್ ನೈಟ್’. ‘ಲಾಸ್ಟ್ ಈವ್ನಿಂಗ್’ ಎನ್ನುವುದೂ ಉಂಟು, ಸ್ವಲ್ಪ ಔಪಚಾರಿಕ. ಆದರೆ ‘ಲಾಸ್ಟ್ ಮಾರ್ನಿಂಗ್’ ಇಲ್ಲವೇ ಇಲ್ಲ. ಇನ್ನು ಇವತ್ತಿನ ಹೊತ್ತುಗಳಿಗೆ ‘ಟುಡೇ’ ಸೇರುವುದೇ ಇಲ್ಲ, ಅಲ್ಲಿ ‘ದಿಸ್’ ಬರಬೇಕು: ದಿಸ್ ಮಾರ್ನಿಂಗ್, ದಿಸ್ ಆಫ್ಟರ್‌ನೂನ್, ದಿಸ್ ಈವ್ನಿಂಗ್. ಇವತ್ತಿನ ರಾತ್ರಿಗೆ ‘ಟುನೈಟ್’ ಎಂಬ ಒಂಟಿ ಪದ. ಒಂದು ಕಾಲಕ್ಕೆ ಇದಕ್ಕೆ ಜೋಡಿಯಾಗಿ ‘ಯೆಸ್ಟರ್‌ನೈಟ್’ ಎಂಬ ಪದವೂ ಇತ್ತು. ಷೇಕ್ಸ್‌ಪಿಯರ್ ಅದನ್ನು ಬಳಸಿದ್ದಾನೆ. ಅದು ಬಳಕೆಯಿಂದ ಬಿದ್ದುಹೋಯಿತು, ‘ಲಾಸ್ಟ್ ನೈಟ್’ ಉಳಿಯಿತು.

ಹಾಗಾದರೆ ‘ಯೆಸ್ಟರ್‌ಡೇ ನೈಟ್’ ಎಷ್ಟು ದೊಡ್ಡ ತಪ್ಪು? ಭಾರತದ ಕಚೇರಿಗಳಲ್ಲಿ ಅದು ದಿನಬಳಕೆಯ ಮಾತು, ಅದನ್ನು ಕೇಳಿ ಯಾರಿಗೂ ಅರ್ಥ ಕೆಟ್ಟದ್ದಿಲ್ಲ. ಇಂಗ್ಲಿಷ್ ಮನೆಮಾತಾಗಿರುವವರ ಕಿವಿಗೆ ಅದು ಹೊರಗಿನವರ ಮಾತು ಎಂದು ತಿಳಿಯುತ್ತದೆ, ಅರ್ಥ ಅವರಿಗೂ ಆಗುತ್ತದೆ. ತಿದ್ದಿಕೊಳ್ಳಿ, ಒಂದು ವಾರದಲ್ಲಿ ರೂಢಿಯಾಗುತ್ತದೆ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನನ್ನು ಈ ಒಂದು ಮಾತಿಗಾಗಿ ಎಲ್ಲರೆದುರು ಅಣಕಿಸುವುದು ನನಗೆ ಸರಿಕಾಣುವುದಿಲ್ಲ. ಆ ಮೇಲ್‌ನಲ್ಲಿ ಅದಕ್ಕಿಂತ ದೊಡ್ಡ ದೋಷ ಪಕ್ಕದಲ್ಲೇ ಕೂತಿದೆ. ಅದು 1.30 ಎಂಬ ಅಂಕಿ.

ಪ್ರೋಗ್ರಾಂ ನಿಂತದ್ದು ರಾತ್ರಿ ಒಂದೂವರೆಗೆ. ಕ್ಯಾಲೆಂಡರಿನ ಪ್ರಕಾರ ಆಗಲೇ ಮಂಗಳವಾರ ಹುಟ್ಟಿ ಒಂದೂವರೆ ಗಂಟೆಯಾಗಿತ್ತು. ಆದರೆ ನಮ್ಮ ಮಾತಿನಲ್ಲಿ ಅದು ಇನ್ನೂ ನಿನ್ನೆ ರಾತ್ರಿಯೇ. ನಿದ್ದೆ ಮಾಡಿ ಎದ್ದ ಮೇಲೆ ತಾನೆ ನಮಗೆ ಹೊಸ ದಿನ. ಪಂಚಾಂಗವೂ ವಾರವನ್ನು ಸೂರ್ಯೋದಯದಿಂದ ಸೂರ್ಯೋದಯಕ್ಕೆ ಎಣಿಸುತ್ತದೆ. ರಾತ್ರಿ ಹನ್ನೆರಡು ಇಪ್ಪತ್ತರ ರೈಲಿಗೆ ಟಿಕೆಟ್ ಮಾಡಿಸಿ ಒಂದು ದಿನ ತಡವಾಗಿ ಸ್ಟೇಷನ್ನಿಗೆ ಹೋದವರ ಕಥೆ ಎಷ್ಟೋ ಮನೆಗಳಲ್ಲಿ ಇರುತ್ತದೆ. ಟಿಕೆಟ್ ಹೇಳುವುದು ಕ್ಯಾಲೆಂಡರಿನ ದಿನ, ಓದುವವರ ಮನಸ್ಸಿನಲ್ಲಿರುವುದು ಸೂರ್ಯೋದಯದ ದಿನ. ‘ಲಾಸ್ಟ್ ನೈಟ್’ ಎಂದು ತಿದ್ದಿದರೂ ಈ ತೊಡಕು ಹೋಗುವುದಿಲ್ಲ, ಏಕೆಂದರೆ ಇಂಗ್ಲಿಷ್‌ನಲ್ಲೂ ಆ ಮಾತು ನಿನ್ನೆ ಊಟದ ಹೊತ್ತಿನಿಂದ ಇವತ್ತಿನ ನಸುಕಿನವರೆಗೆ ಚಾಚಿಕೊಂಡಿದೆ. ರಾತ್ರಿ ಒಂದೂವರೆಯನ್ನು ಅವರಲ್ಲಿ ಕೆಲವರು ‘ಲಾಸ್ಟ್ ನೈಟ್’ ಅನ್ನುತ್ತಾರೆ, ಕೆಲವರು ‘ದಿಸ್ ಮಾರ್ನಿಂಗ್’ ಅನ್ನುತ್ತಾರೆ. ಎರಡೂ ಸರಿ, ಹಾಗಾಗಿ ಯಾವುದೊಂದೂ ಸಾಲದು.

ಈಗ ಇದೇ ಮೇಲನ್ನು ನ್ಯೂಯಾರ್ಕಿನಲ್ಲಿ ಕೂತು ಓದಿ ನೋಡಿ. ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಬೆಂಗಳೂರಿನಿಂದ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರಟ ಮೇಲ್ ಅಲ್ಲಿಯ ಇನ್‌ಬಾಕ್ಸ್‌ನಲ್ಲಿ ಬಂದು ಬೀಳುವುದು ಸೋಮವಾರ, ಜೂನ್ 9, ರಾತ್ರಿ ಹನ್ನೊಂದೂವರೆ ಎಂಬ ಮುದ್ರೆಯೊಂದಿಗೆ. ಮೇಲ್ ಪ್ರೋಗ್ರಾಂ ಕಳಿಸಿದವರ ಗಡಿಯಾರವನ್ನು ತೋರಿಸುವುದಿಲ್ಲ, ಓದುವವರ ಗಡಿಯಾರಕ್ಕೆ ಬದಲಾಯಿಸಿ ತೋರಿಸುತ್ತದೆ. ಅಲ್ಲಿನ ಮ್ಯಾನೇಜರ್ ಬೆಳಿಗ್ಗೆ ಎದ್ದು ನೋಡಿದಾಗ ಅವರ ಕಣ್ಣಿಗೆ ಬೀಳುವುದು ಸೋಮವಾರ ಕಳಿಸಿದ ಒಂದು ಮೇಲ್. ಸೋಮವಾರದ ಮೇಲ್‌ನಲ್ಲಿ ‘ನಿನ್ನೆ ರಾತ್ರಿ’ ಎಂದಿದ್ದರೆ ಅದು ಭಾನುವಾರ ರಾತ್ರಿ. ‘ಇವತ್ತು ಬೆಳಿಗ್ಗೆ’ ಅಂದರೆ ಸೋಮವಾರ ಬೆಳಿಗ್ಗೆ. ಭಾನುವಾರ ಕಳೆದು ನಸುಕಿನ ಒಂದೂವರೆಯ ಲಾಗ್ ತೆಗೆದು ನೋಡಿದರೆ ಅಲ್ಲಿ ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತಿದೆ.

ನಿಜವಾಗಿ ಅದು ನಿಂತ ಗಳಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಸೋಮವಾರ ಮಧ್ಯಾಹ್ನ ನಾಲ್ಕು ಗಂಟೆ. ಆ ಮ್ಯಾನೇಜರ್ ಕಚೇರಿಯಲ್ಲೇ ಇದ್ದ ಹೊತ್ತು. ಸರ್ವರ್ ತನ್ನ ಲಾಗ್‌ನಲ್ಲಿ ಬರೆದುಕೊಂಡಿರುವುದು ಇನ್ನೂ ಬೇರೆ:

```
2025-06-09T20:00:00Z  billing-job  FAILED
```

ಕೊನೆಯ ಝಡ್ ಅಕ್ಷರ ಹೇಳುವುದು ಇದು ಯುಟಿಸಿ, ಅಂದರೆ ಜಗತ್ತಿನ ಗಡಿಯಾರಗಳೆಲ್ಲ ಅಳತೆ ಹಿಡಿಯುವ ಮೂಲ ಸಮಯ ಎಂದು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಒಂದೇ ಘಟನೆ ಸರ್ವರಿಗೆ ಒಂಬತ್ತನೆಯ ತಾರೀಖಿನ ರಾತ್ರಿ ಎಂಟಕ್ಕೆ, ನ್ಯೂಯಾರ್ಕಿಗೆ ಒಂಬತ್ತರ ಮಧ್ಯಾಹ್ನ ನಾಲ್ಕಕ್ಕೆ, ನಮಗೆ ಹತ್ತನೆಯ ತಾರೀಖು ನಸುಕಿನ ಒಂದೂವರೆಗೆ. ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಮೇಲ್‌ನಲ್ಲಿದ್ದ ‘ಯೆಸ್ಟರ್‌ಡೇ ನೈಟ್ 1.30’ ಎಂಬುದರಿಂದ ಈ ಮೂರರಲ್ಲಿ ಒಂದಕ್ಕಾದರೂ ತಲುಪುವುದು ಓದುವವರಿಗೆ ಸಾಧ್ಯವಿಲ್ಲ. ಇಂಥ ಗೊಂದಲ ಆಗಿದೆ ಎಂದು ಗೊತ್ತಾಗುವುದು ಹೇಗೆಂದರೆ, ‘ನೀವು ಹೇಳಿದ ಹೊತ್ತಿನಲ್ಲಿ ಲಾಗ್‌ನಲ್ಲಿ ಏನೂ ಕಾಣುತ್ತಿಲ್ಲ’ ಎಂಬ ಮರುಮೇಲ್ ಬರುತ್ತದೆ. ಆ ಸಾಲು ಕಂಡರೆ ಲಾಗ್ ಹುಡುಕುವ ಮೊದಲು ನೀವು ಕಳಿಸಿದ ಮೇಲನ್ನು ಒಮ್ಮೆ ತೆರೆದು ನೋಡಿ.

ಎರಡನೆಯ ಸಾಲಿಗೆ ಬರೋಣ. ‘ಟುಡೇ ಮಾರ್ನಿಂಗ್’ ಬದಲು ‘ದಿಸ್ ಮಾರ್ನಿಂಗ್’ ಎಂಬುದನ್ನು ಆಗಲೇ ನೋಡಿದೆವು. ಕೆಲವರಿಗೆ ಒಂದು ಅನುಮಾನ ಇರುತ್ತದೆ: ಬೆಳಿಗ್ಗೆ ಮುಗಿದು ಸಂಜೆಯಾದ ಮೇಲೆ ‘ದಿಸ್ ಮಾರ್ನಿಂಗ್’ ಅನ್ನಬಹುದೇ? ಅನ್ನಬಹುದು. ಅದರ ಅರ್ಥ ‘ಈ ಗಳಿಗೆಯ ಬೆಳಿಗ್ಗೆ’ ಎಂದಲ್ಲ, ‘ಇವತ್ತಿನ ಬೆಳಿಗ್ಗೆ’ ಎಂದು. ಅದಕ್ಕೆ ಮುಂದೆ ‘ಇನ್’ ಸೇರಿಸಿ ‘ಇನ್ ದಿಸ್ ಮಾರ್ನಿಂಗ್’ ಅನ್ನುವ ಹಾಗಿಲ್ಲ.

ಇಲ್ಲಿ ಹೆಚ್ಚು ಗಮನ ಬೇಕಾದದ್ದು ಕ್ರಿಯಾಪದ. ‘ನಿನ್ನೆ ಮಾಡಿದ್ದೀವಿ’ ಎನ್ನುವುದು ಕನ್ನಡದಲ್ಲಿ ಸಹಜವಾದ ಮಾತು. ಆ ‘ಇದ್ದೀವಿ’ಯೇ ಇಂಗ್ಲಿಷ್‌ಗೆ ‘ಹ್ಯಾವ್’ ಆಗಿ ಹೋಗುತ್ತದೆ: ‘ವಿ ಹ್ಯಾವ್ ಡನ್ ಇಟ್ ಯೆಸ್ಟರ್‌ಡೇ’. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ಮುಗಿದುಹೋದ ಹೊತ್ತನ್ನು, ಅಂದರೆ ಯೆಸ್ಟರ್‌ಡೇ, ಲಾಸ್ಟ್ ನೈಟ್, ಆನ್ ಮಂಡೇ ಇಂಥದ್ದನ್ನು ಹೆಸರಿಸಿದ ಕೂಡಲೇ ‘ಹ್ಯಾವ್’ ಹೋಗಬೇಕು, ಬರಿಯ ಭೂತಕಾಲ ಉಳಿಯಬೇಕು. ‘ದಿಸ್ ಮಾರ್ನಿಂಗ್’ ಮಾತ್ರ ನಡುವೆ ನಿಂತಿದೆ. ಬೆಳಿಗ್ಗೆ ಇನ್ನೂ ಮುಗಿದಿಲ್ಲದಿದ್ದರೆ ‘ಹ್ಯಾವ್ ರಿಸ್ಟಾರ್ಟೆಡ್’ ನಡೆಯುತ್ತದೆ, ಮಧ್ಯಾಹ್ನದ ಮೇಲೆ ಬರೆಯುವಾಗ ‘ರಿಸ್ಟಾರ್ಟೆಡ್’ ಸಾಕು. ನೆನಪಿಡಲು ಕಷ್ಟವಾದರೆ ಬರಿಯ ಭೂತಕಾಲವನ್ನೇ ಬರೆಯಿರಿ, ಅದು ಎರಡೂ ಕಡೆ ಸರಿಯೇ.

‘ನಿನ್ನೆ ರಾತ್ರಿಯಿಂದ ಫೇಲ್ ಆಗ್ತಾ ಇದೆ’ ಎಂಬುದು ಇದರ ತಿರುವುಮುರುವು. ಇಲ್ಲಿ ನಮಗೆ ‘ಆಗ್ತಾ ಇದೆ’ ವರ್ತಮಾನ, ಹಾಗಾಗಿ ‘ಇಸ್ ಫೇಲಿಂಗ್ ಫ್ರಮ್ ಯೆಸ್ಟರ್‌ಡೇ ನೈಟ್’ ಬರುತ್ತದೆ. ಇಂಗ್ಲಿಷ್‌ಗೆ ‘ಹ್ಯಾಸ್’ ಬೇಕಿರುವುದು ಈಗ: ‘ಹ್ಯಾಸ್ ಬೀನ್ ಫೇಲಿಂಗ್ ಸಿನ್ಸ್ ಲಾಸ್ಟ್ ನೈಟ್’. ಸ್ಟೇಟಸ್ ಮೇಲ್‌ನಲ್ಲಿ ಈ ವ್ಯತ್ಯಾಸಕ್ಕೆ ಬೆಲೆ ಇದೆ. ಮೊದಲನೆಯ ರೂಪ ಮುಗಿದ ಸಮಸ್ಯೆಯನ್ನು ಹೇಳುತ್ತದೆ, ಎರಡನೆಯದು ಇನ್ನೂ ಮುಂದುವರಿದಿರುವುದನ್ನು. ನಿನ್ನೆ ರಾತ್ರಿ ನಿಂತದ್ದು ಈಗಲೂ ನಿಂತಿದೆಯೇ ಎಂಬುದು ಗ್ರಾಹಕರಿಗೆ ಮೊದಲು ತಿಳಿಯಬೇಕಾದ ಸಂಗತಿ.

ಮೂರನೆಯ ಸಾಲಿನ ‘ಇನ್ ದಿ ಈವ್ನಿಂಗ್’ನಲ್ಲಿ ವ್ಯಾಕರಣದ ತಪ್ಪಿಲ್ಲ, ಆದರೆ ಆ ಜಾಗಕ್ಕೆ ಅದು ಹೊಂದುವುದಿಲ್ಲ. ದಿನವೂ ಸಂಜೆ ನಡೆಯುವ ಕೆಲಸಕ್ಕೆ, ಅಥವಾ ಯಾವ ದಿನ ಎಂದು ಹಿಂದಿನ ಸಾಲಿನಲ್ಲೇ ಹೇಳಿಯಾಗಿರುವಾಗ ‘ಇನ್ ದಿ ಈವ್ನಿಂಗ್’ ಸರಿ. ಇವತ್ತಿನ ಸಂಜೆಯೇ ಎಂದು ತೋರಿಸಬೇಕಾದರೆ ‘ದಿಸ್ ಈವ್ನಿಂಗ್’. ವಾರದ ಹೆಸರು ಸೇರಿದರೆ ‘ಇನ್’ ಹೋಗಿ ‘ಆನ್’ ಬರುತ್ತದೆ: ಆನ್ ಮಂಡೇ ಈವ್ನಿಂಗ್. ರಾತ್ರಿಗೆ ‘ಅಟ್ ನೈಟ್’.

ಇದಕ್ಕಿಂತ ಆಳದಲ್ಲಿ ಇನ್ನೊಂದು ಸಂಗತಿ ಇದೆ. ಅವರ ಈವ್ನಿಂಗ್ ನಮ್ಮ ಸಂಜೆ ಅಲ್ಲ. ಕನ್ನಡದಲ್ಲಿ ಸಂಜೆ ನಾಲ್ಕಕ್ಕೇ ಶುರು. ಶಾಲೆ ಬಿಟ್ಟು ಮಕ್ಕಳು ಮನೆಗೆ ಬರುವ ಹೊತ್ತು, ಕಾಫಿಯ ಹೊತ್ತು, ಎಲ್ಲ ಸಂಜೆ. ದೀಪ ಹಚ್ಚಿದ ಮೇಲೆ ನಿಧಾನಕ್ಕೆ ಅದು ರಾತ್ರಿಯಾಗುತ್ತದೆ. ಎಂಟು ಗಂಟೆಗೆ ನಾವು ‘ರಾತ್ರಿ ಎಂಟು’ ಎಂದೇ ಅನ್ನುತ್ತೇವೆ. ಇಂಗ್ಲಿಷ್‌ನಲ್ಲಿ ನಾಲ್ಕು ಗಂಟೆ ಇನ್ನೂ ಆಫ್ಟರ್‌ನೂನ್. ಈವ್ನಿಂಗ್ ಶುರುವಾಗುವುದು ಐದೋ ಆರೋ ಗಂಟೆಗೆ, ಮುಗಿಯುವುದು ಮಲಗುವ ಹೊತ್ತಿಗೆ. ಎಂಟು ಗಂಟೆ ಅವರಿಗೆ ಈವ್ನಿಂಗಿನ ನಡುಮಧ್ಯ. ಹಾಗಾಗಿ ‘ಈವ್ನಿಂಗ್ ಫೋರ್ ಓ ಕ್ಲಾಕ್’ ಎಂದು ನಾವು ಬರೆದರೆ ಅವರಿಗೆ ವಿಚಿತ್ರ. ‘ಸಂಜೆ ಕಳಿಸ್ತೀವಿ’ ಎಂದು ಐದೂವರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಬರೆದದ್ದನ್ನು ರಾತ್ರಿ ಒಂಬತ್ತರವರೆಗೆ ಕಾಯಬಹುದಾದ ಕೆಲಸ ಎಂದು ಅವರು ಓದಬಹುದು.

ನಮ್ಮ ಉದಾಹರಣೆಯಲ್ಲಿ ಇದಕ್ಕೆ ಗಡಿಯಾರದ ಅಂತರವೂ ಸೇರುತ್ತದೆ. ಬೆಂಗಳೂರಿನ ಸಂಜೆ ಆರು ಜೂನ್‌ನಲ್ಲಿ ನ್ಯೂಯಾರ್ಕಿನ ಬೆಳಿಗ್ಗೆ ಎಂಟೂವರೆ. ಅವರು ಕಚೇರಿಗೆ ಬರುವಷ್ಟರಲ್ಲಿ ವರದಿ ಸಿಕ್ಕಿರುತ್ತದೆ ಎಂಬುದು ಬಹಳ ಒಳ್ಳೆಯ ಸುದ್ದಿ. ಅದನ್ನು ‘ಇನ್ ದಿ ಈವ್ನಿಂಗ್’ ಎಂದು ಬರೆದರೆ ಆ ಸುದ್ದಿ ಅವರಿಗೆ ಮುಟ್ಟುವುದೇ ಇಲ್ಲ. ಅವರ ಸಂಜೆ ಆರು ಆಗುವಾಗ ನಮಗೆ ಬುಧವಾರ ನಸುಕಿನ ಮೂರೂವರೆ. ಬೇಗ ಮುಗಿಸಿಕೊಟ್ಟ ಕೆಲಸವನ್ನು ತಡವಾಗಿ ಕೊಡುತ್ತೇವೆ ಎಂದು ನಾವೇ ಹೇಳಿದಂತಾಗುತ್ತದೆ. ‘ಎಂಡ್ ಆಫ್ ಡೇ’ ಎಂದು ಬರೆದರೂ ಇದೇ ಕಥೆ, ಯಾರ ದಿನದ ಕೊನೆ ಎಂಬುದು ಅದರಲ್ಲಿ ಇಲ್ಲ.

ಇನ್ನು ಸೋಮವಾರ. ಕನ್ನಡದಲ್ಲಿ ‘ಸೋಮವಾರ ಮಾಡ್ತೀವಿ’ ಎಂದರೆ ಸಾಕು, ಹೆಸರಿಗೆ ಯಾವ ಪ್ರತ್ಯಯವೂ ಬೇಡ. ಇಂಗ್ಲಿಷ್‌ನಲ್ಲಿ ವಾರಕ್ಕೂ ತಾರೀಖಿಗೂ ‘ಆನ್’ ಬೇಕು. ಅಮೆರಿಕದವರು ಅದನ್ನೂ ಎಷ್ಟೋ ಸಲ ಬಿಟ್ಟುಬಿಡುತ್ತಾರೆ, ಬ್ರಿಟಿಷರು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಾರೆ. ಆದರೆ ಲಾಸ್ಟ್, ನೆಕ್ಸ್ಟ್, ದಿಸ್ ಇವುಗಳಲ್ಲಿ ಒಂದು ಮುಂದೆ ಬಂದರೆ ‘ಆನ್’ ಎಲ್ಲರಿಗೂ ಹೋಗುತ್ತದೆ. ‘ಆನ್ ಲಾಸ್ಟ್ ಮಂಡೇ’, ‘ಆನ್ ಟುಮಾರೋ’ ಇಲ್ಲ.

ಅರ್ಥ ಕೆಡುವುದು ‘ನೆಕ್ಸ್ಟ್ ಮಂಡೇ’ಯಲ್ಲಿ. ಶುಕ್ರವಾರ ಕೂತು ಇದನ್ನು ಬರೆದರೆ ಮೂರು ದಿನ ಬಿಟ್ಟು ಬರುವ ಸೋಮವಾರವೋ, ಅದರ ಮುಂದಿನ ಸೋಮವಾರವೋ ಎಂಬುದರಲ್ಲಿ ಇಂಗ್ಲಿಷಿನವರಲ್ಲೇ ಒಮ್ಮತವಿಲ್ಲ. ‘ಲಾಸ್ಟ್ ಮಂಡೇ’ಗೂ ಇದೇ ಪಾಡು. ‘ಬರೋ ಸೋಮವಾರ’ ಎಂಬ ನಮ್ಮ ಮಾತಿಗೆ ಹತ್ತಿರವಾದ ‘ದಿಸ್ ಕಮಿಂಗ್ ಮಂಡೇ’ ಅವರಲ್ಲೂ ಇದೆ, ಅದರಲ್ಲಿ ಗೊಂದಲ ಇಲ್ಲ. ಆದರೆ ನಮ್ಮ ಮೇಲ್ ನ್ಯೂಯಾರ್ಕಿನ ಇನ್‌ಬಾಕ್ಸ್‌ನಲ್ಲಿ ಕೂತಿರುವುದೇ ಸೋಮವಾರದ ಮುದ್ರೆಯೊಂದಿಗೆ. ಸೋಮವಾರ ಕಳಿಸಿದ ಮೇಲ್ ‘ಸೋಮವಾರ ಮಾಡುತ್ತೇವೆ’ ಎಂದರೆ ಓದುವವರು ಏನೆಂದುಕೊಳ್ಳಬೇಕು? ಇಲ್ಲಿ ತಾರೀಖು ಬರೆಯದೆ ಬೇರೆ ದಾರಿಯಿಲ್ಲ. ಬರೆಯುವಾಗ ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲೇ ಬರೆಯಿರಿ, ಏಕೆಂದರೆ 9/6 ನಮಗೆ ಜೂನ್ ಒಂಬತ್ತು, ಅಮೆರಿಕಕ್ಕೆ ಸೆಪ್ಟೆಂಬರ್ ಆರು. ಜೊತೆಗೆ ‘ಆನ್ ಮಂಡೇ’ ಎಂದರೆ ಸೋಮವಾರವೇ ಮಾಡುತ್ತೇವೆ ಎಂದು. ಸೋಮವಾರದೊಳಗೆ ಮುಗಿಸುತ್ತೇವೆ ಎಂಬುದು ನಿಮ್ಮ ಉದ್ದೇಶವಾದರೆ ‘ಬೈ ಮಂಡೇ’ ಎಂದು ಬರೆಯಬೇಕು.

ಇಷ್ಟನ್ನೂ ಸೇರಿಸಿ ಆ ಮೇಲನ್ನು ಮತ್ತೆ ಬರೆದರೆ ಹೀಗಾಗುತ್ತದೆ:

```
The billing job failed at 1:30 a.m. India time on Tuesday,
June 10, which was 4:00 p.m. Monday in New York.
We restarted it at 7:15 a.m. India time. It is running normally.
You will have the report by 8:30 a.m. New York time on Tuesday.
The permanent fix goes in on Monday, June 16.
```

ಗಮನಿಸಿ, ‘ಲಾಸ್ಟ್ ನೈಟ್’ ಆಗಲಿ ‘ದಿಸ್ ಮಾರ್ನಿಂಗ್’ ಆಗಲಿ ಇದರಲ್ಲಿ ಇಲ್ಲವೇ ಇಲ್ಲ. ಶುದ್ಧ ಇಂಗ್ಲಿಷ್ ಆಗಿದ್ದರೂ ಅವು ಹೇಳುವವರು ನಿಂತ ಜಾಗದಿಂದ ಅಳೆಯುವ ಮಾತುಗಳು. ಕೇಳುವವರು ಪಕ್ಕದಲ್ಲೇ ಇದ್ದರೆ ಅವುಗಳಷ್ಟು ಹಗುರಾದ, ಚೆಂದದ ಮಾತು ಇನ್ನೊಂದಿಲ್ಲ. ವೈಟ್‌ಫೀಲ್ಡಿನ ಸಹೋದ್ಯೋಗಿಗೆ ಬರೆಯುವಾಗ ‘ಇಟ್ ಫೇಲ್ಡ್ ಲಾಸ್ಟ್ ನೈಟ್, ವಿ ರಿಸ್ಟಾರ್ಟೆಡ್ ಇಟ್ ದಿಸ್ ಮಾರ್ನಿಂಗ್’ ಎಂದೇ ಬರೆಯಿರಿ, ತಾರೀಖು ಗಡಿಯಾರಗಳನ್ನು ತುರುಕಬೇಡಿ. ಮೇಲ್ ಸಮುದ್ರ ದಾಟುವಾಗ ಮಾತ್ರ ಓದುವವರ ಗಡಿಯಾರಕ್ಕೆ ಬದಲಾಯಿಸಿಕೊಡುವ ಶ್ರಮ ಬರೆಯುವವರದಾಗಬೇಕು. ಹತ್ತು ಜನ ಓದುವ ಮೇಲ್‌ನಲ್ಲಿ ಆ ಹತ್ತೂ ಜನ ಲೆಕ್ಕ ಹಾಕುವುದಕ್ಕಿಂತ ಒಬ್ಬರು ಹಾಕುವುದು ನ್ಯಾಯ.

‘ಐಎಸ್‌ಟಿ’ ಎಂಬ ಮೂರಕ್ಷರದ ಬದಲು ‘ಇಂಡಿಯಾ ಟೈಮ್’ ಎಂದು ಬರೆದದ್ದಕ್ಕೂ ಕಾರಣ ಇದೆ. ಐರ್ಲೆಂಡಿನ ಬೇಸಿಗೆಯ ಸಮಯಕ್ಕೂ ಇಸ್ರೇಲಿನ ಸಮಯಕ್ಕೂ ಅದೇ ಮೂರಕ್ಷರ. ಡಬ್ಲಿನ್ನಿನ ಸಹೋದ್ಯೋಗಿಗಳಿಗೆ ಜೂನ್ ತಿಂಗಳ ಮೇಲ್‌ನಲ್ಲಿ ಬರಿಯ ಐಎಸ್‌ಟಿ ಎಂದು ಬರೆದರೆ ನಾಲ್ಕೂವರೆ ಗಂಟೆ ಆಚೀಚೆಯಾಗುವ ಸಂಭವ ಇದೆ.

ಒಂಬತ್ತೂವರೆ ಗಂಟೆಯ ಈ ಲೆಕ್ಕವೂ ವರ್ಷವಿಡೀ ಹೀಗೇ ಇರುವುದಿಲ್ಲ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತಾರೆ. ನಾವು ಇಡುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಅಂತರ ಹತ್ತೂವರೆ ಗಂಟೆ, ಬೆಂಗಳೂರಿನ ಸಂಜೆ ಆರು ಅವರಿಗೆ ಬೆಳಿಗ್ಗೆ ಏಳೂವರೆ. ಬ್ರಿಟನ್ನಿನಲ್ಲಿ ಈ ಬದಲಾವಣೆ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಮಾರ್ಚಿಯಲ್ಲಿ ಎರಡು ಮೂರು ವಾರ, ಅಕ್ಟೋಬರ್ ಕೊನೆಗೆ ಒಂದು ವಾರ ಲಂಡನ್ನಿಗೂ ನ್ಯೂಯಾರ್ಕಿಗೂ ನಡುವೆಯೇ ಎಂದಿನ ಅಂತರ ಇರುವುದಿಲ್ಲ. ಮೂರೂ ಊರುಗಳಿಗೆ ಒಂದೇ ಮೇಲ್ ಕಳಿಸುವವರು ಆ ವಾರಗಳಲ್ಲಿ ನೆನಪಿನ ಲೆಕ್ಕವನ್ನು ನಂಬದೆ ಫೋನಿನಲ್ಲಿರುವ ವಿಶ್ವ ಗಡಿಯಾರವನ್ನು ನೋಡಿ ಬರೆಯುವುದು ಒಳ್ಳೆಯದು.

ರಾತ್ರಿ ಹನ್ನೆರಡು ಎಂಬ ಗಳಿಗೆಯನ್ನು ಗಡುವಾಗಿ ಕೊಡಲೇಬೇಡಿ. ‘ಮಂಡೇ ಮಿಡ್‌ನೈಟ್’ ಎಂದರೆ ಸೋಮವಾರ ಶುರುವಾಗುವ ಹೊತ್ತೋ ಮುಗಿಯುವ ಹೊತ್ತೋ ಎಂದು ಯಾರೂ ಖಚಿತವಾಗಿ ಹೇಳಲಾರರು. ‘ಸೋಮವಾರ ರಾತ್ರಿ 11:59’ ಎಂದು ಬರೆದರೆ ಆ ಪ್ರಶ್ನೆ ಏಳುವುದಿಲ್ಲ.

ಸ್ಟೇಟಸ್ ಮೇಲ್ ಅದೇ ದಿನ ಓದಿ ಮುಗಿಯುವುದೂ ಅಪರೂಪ. ಅದನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುತ್ತಾರೆ, ಯಾಕೆ ಹೀಗಾಯಿತು ಎಂಬ ವರದಿಯಲ್ಲಿ ಅದರ ಸಾಲುಗಳನ್ನು ಹಾಗೆಯೇ ಎತ್ತಿ ಅಂಟಿಸುತ್ತಾರೆ. ಮೂರು ತಿಂಗಳ ನಂತರ ಯಾವುದೋ ಲೆಕ್ಕಪರಿಶೋಧನೆಯಲ್ಲಿ ಒಬ್ಬರು ಆ ವರದಿಯನ್ನು ತೆರೆಯುತ್ತಾರೆ. ಎತ್ತಿ ಅಂಟಿಸಿದ ಸಾಲಿಗೆ ಮೇಲ್‌ನ ಮುದ್ರೆ ಅಂಟಿಕೊಂಡು ಬರುವುದಿಲ್ಲ. ಅಲ್ಲಿ ‘ಲಾಸ್ಟ್ ನೈಟ್’ ಎಂದಿದ್ದರೆ ಯಾವ ರಾತ್ರಿ ಎಂದು ಹುಡುಕಲು ಅವರಿಗೆ ಯಾವ ಆಧಾರವೂ ಇರುವುದಿಲ್ಲ. ‘ಜೂನ್ 10, ಮಂಗಳವಾರ, ನಸುಕಿನ 1:30, ಭಾರತದ ಸಮಯ’ ಎಂದಿದ್ದರೆ ಅವರು ಐದೂವರೆ ಗಂಟೆ ಕಳೆದು ನೇರವಾಗಿ ಲಾಗ್‌ನ ಆ ಸಾಲಿಗೆ ಹೋಗುತ್ತಾರೆ.